ಮಂಗಳಾರತಿ ಮಾಡೋದು ಹೇಗೆ: ಹೂಬತ್ತಿಯಿಂದ ಹಿಡಿದು ಆರತಿ ತಗೊಳ್ಳೋವರೆಗೆ

ಮದುವೆಯಾಗಿ ಬಂದ ಮೇಲೆ ನನ್ನ ಮೊದಲ ಗಣೇಶನ ಹಬ್ಬ. ಮನೆ ತುಂಬ ಜನ. ಹಿಡಿ ಇರುವ ಹಿತ್ತಾಳೆಯ ಆರತಿ ತಟ್ಟೆ, ಅದೇ ಹಲಗಾರತಿ, ನನ್ನ ಕೈಗೆ ಕೊಟ್ಟರು. ಹಾಡು ಇನ್ನೂ ಪಲ್ಲವಿಯಲ್ಲೇ ಇತ್ತು, ನಾನು ಆಗಲೇ ಇಪ್ಪತ್ತು ಸುತ್ತು ಸುತ್ತಿಬಿಟ್ಟಿದ್ದೆ. ನಮ್ಮತ್ತೆ ಧಾರವಾಡದ ಕಡೆಯವರು. ಮೆಲ್ಲಗೆ ಪಕ್ಕಕ್ಕೆ ಬಂದು, "ಹಿಂಗ್ಯಾಕ ಗರಗರ ತಿರಗಸ್ತೀಯವಾ, ಗಣಪ್ಪಗ ತಲಿ ತಿರಗೀತು. ತೋರಸು, ಸುಮ್ನ ತೋರಸು" ಅಂದರು.

ಆವತ್ತು ಮುಖ ಕೆಂಪಾಯಿತು. ಆದರೆ ಮಂಗಳಾರತಿ ಬಗ್ಗೆ ಆಮೇಲೆ ನಾನು ಕಲಿತದ್ದೆಲ್ಲ ಆ "ತೋರಸು" ಅನ್ನೋ ಮಾತಿನ ಸುತ್ತಲೇ ಇದೆ. ಹಳೇ ದೇವಸ್ಥಾನದ ಗರ್ಭಗುಡಿಗೆ ಕಿಟಕಿ ಇರುವುದಿಲ್ಲ. ಒಳಗೆ ಕತ್ತಲೆ. ಹೊರಗೆ ನಿಂತವರಿಗೆ ಮೂರ್ತಿಯ ಅಂದಾಜು ಮಾತ್ರ ಸಿಗುತ್ತದೆ. ಅರ್ಚಕರು ದೀಪ ಹಿಡಿದು ಪಾದದಿಂದ ಮೇಲಕ್ಕೆ ಬಂದಾಗ ಮೊದಲು ಪಾದ, ಆಮೇಲೆ ನಡು, ಆಮೇಲೆ ಮುಖ ಬೆಳಕಿಗೆ ಬರುತ್ತದೆ. ಮನೆಯಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ಮಾಡುವುದರಿಂದ ಇದು ನಮಗೆ ಮರೆತೇ ಹೋಗಿದೆ. ಒಂದು ಸಲ ದೇವರಮನೆ ದೀಪ ಬಿಟ್ಟು ಉಳಿದ ಲೈಟೆಲ್ಲ ಆರಿಸಿ ಆರತಿ ಎತ್ತಿ ನೋಡಿ. ಕೈ ತಾನಾಗೇ ನಿಧಾನ ಆಗುತ್ತದೆ.

ಇಲ್ಲಿ ಹೇಳುತ್ತಿರುವುದು ಮನೆಯ ಮಂಗಳಾರತಿ. ಉದಾಹರಣೆಗೆ ಚೌತಿಯ ಸಂಜೆಯನ್ನೇ ಇಟ್ಟುಕೊಂಡಿದ್ದೇನೆ: ಒಂದಡಿ ಎತ್ತರದ ಮಣ್ಣಿನ ಗಣಪತಿ, ಒಂದು ಹಲಗಾರತಿ, ಒಂದು ಗಂಟೆ, ಹತ್ತು ಜನ. ನಿಮ್ಮ ಮನೆ ಪದ್ಧತಿ ಬೇರೆ ಇದ್ದರೆ ಅದನ್ನೇ ಮಾಡಿ. ಈ ವಿಷಯದಲ್ಲಿ ಮನೆಯ ಹಿರಿಯರ ಮಾತೇ ಕೊನೆ ಮಾತು.

ಪೂಜೆಯಲ್ಲಿ ಇದರ ಜಾಗ

ಹದಿನಾರು ಉಪಚಾರದ ಪೂಜೆಯಲ್ಲಿ ದೀಪ ಎರಡು ಸಲ ಬರುತ್ತದೆ. ಇಲ್ಲಿ ತುಂಬ ಜನಕ್ಕೆ ಗೊಂದಲ. ಹೂವು, ಪತ್ರೆ ಏರಿಸಿದ ಮೇಲೆ ಧೂಪ ತೋರಿಸುತ್ತೇವೆ, ಅದರ ಹಿಂದೆಯೇ ಏಕಾರತಿಯಲ್ಲಿ ಒಂದು ದೀಪ ತೋರಿಸುತ್ತೇವೆ. ಅದು ಅತಿಥಿ ಮನೆಗೆ ಬಂದಾಗ ದೀಪ ಹಚ್ಚಿಟ್ಟ ಹಾಗೆ, ಒಂದು ಸತ್ಕಾರ ಅಷ್ಟೇ. ಹಾಡು, ಗದ್ದಲ ಏನೂ ಇಲ್ಲ. ಆಮೇಲೆ ನೈವೇದ್ಯ, ತಾಂಬೂಲ. ಊಟ ಮುಗಿದು ಎಲೆ ಅಡಿಕೆ ಕೊಟ್ಟಾದ ಮೇಲೆ ಬರುವುದೇ ನೀರಾಜನ, ಅಂದರೆ ನಮ್ಮ ಮಂಗಳಾರತಿ. ಅದಾದ ಮೇಲೆ ಮಂತ್ರಪುಷ್ಪ, ಪ್ರದಕ್ಷಿಣೆ, ನಮಸ್ಕಾರ.

ಹಾಗಾಗಿ ಕಡುಬಿನ ತಟ್ಟೆ ಇನ್ನೂ ಅಡುಗೆಮನೆಯಲ್ಲಿ ಇರುವಾಗಲೇ "ಹೊತ್ತಾಯ್ತು, ಮಂಗಳಾರತಿ ಮಾಡಿಬಿಡೋಣ" ಅನ್ನಬೇಡಿ. ನೈವೇದ್ಯ ಮೊದಲು. ಬಂದವರು ಹಸಿದಿದ್ದರೆ ಹಾಡು ಕಮ್ಮಿ ಮಾಡಿ, ಕ್ರಮ ಕೆಡಿಸಬೇಡಿ.

ಬತ್ತಿ ಮತ್ತು ತುಪ್ಪ

ಮಂಗಳಾರತಿ ಕೆಡುವುದು ಹೆಚ್ಚಾಗಿ ಇಲ್ಲೇ. ಹಾಡು ಚೆನ್ನಾಗಿರುತ್ತದೆ, ಗಂಟೆ ಚೆನ್ನಾಗಿರುತ್ತದೆ, ಎರಡನೇ ಸುತ್ತಿಗೇ ದೀಪ ನಂದಿಹೋಗುತ್ತದೆ. ಆಮೇಲೆ ಎಲ್ಲರ ಮುಖದಲ್ಲೂ "ಅಯ್ಯೋ ಅಪಶಕುನ" ಅನ್ನೋ ಭಾವ. ಅಪಶಕುನ ಏನೂ ಅಲ್ಲ, ಬತ್ತಿ ಸರಿ ಇರಲಿಲ್ಲ ಅಷ್ಟೇ.

ಆರತಿಗೆ ಬೇಕಾದ್ದು ಹೂಬತ್ತಿ: ಕೆಳಗೆ ದುಂಡಗೆ ಅಗಲ, ಮೇಲೆ ಮೊಗ್ಗಿನ ಹಾಗೆ ಚೂಪು ತುದಿ. ಎಳೆಬತ್ತಿ ಬಟ್ಟಲಿನ ಅಂಚಿಗೆ ಒರಗಿ ಮಲಗುತ್ತದೆ, ತಟ್ಟೆ ಅಲುಗಿದರೆ ಜಾರಿ ತುಪ್ಪದೊಳಗೆ ಮುಳುಗುತ್ತದೆ. ಹೂಬತ್ತಿ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಕಡಲೆಕಾಯಿ ಗಾತ್ರದ ಹತ್ತಿ ತಗೊಳ್ಳಿ, ಬೀಜದ ಚೂರು ಇದ್ದರೆ ತೆಗೆಯಿರಿ. ಇದ್ದರೆ ಚಟಪಟ ಸಿಡಿಯುತ್ತದೆ. ಹತ್ತಿಯನ್ನು ಬಿಡಿಸಿ ತೆಳ್ಳಗೆ ಹರಡಿ, ನಡುವಿನಿಂದ ಎಳೆದು ಬೆರಳಲ್ಲಿ ಹೊಸೆಯಿರಿ. ಬೆರಳಿಗೆ ಒಂದು ಹನಿ ಹಾಲೋ ಚಿಟಿಕೆ ವಿಭೂತಿಯೋ ಮುಟ್ಟಿಸಿಕೊಂಡರೆ ತುದಿ ಬಿಗಿಯಾಗಿ ಬರುತ್ತದೆ. ತುದಿ ದಪ್ಪ ಇದ್ದರೆ ಉರಿ ದೊಡ್ಡದಾಗಿ ಮಸಿ ಬರುತ್ತದೆ. ತುಂಬ ಸಣ್ಣ ಇದ್ದರೆ ಫ್ಯಾನಿನ ಗಾಳಿಗೂ ನಿಲ್ಲುವುದಿಲ್ಲ. ಗಟ್ಟಿ ಅಕ್ಕಿಕಾಳಿನಷ್ಟು ದಪ್ಪ ಇದ್ದರೆ ಸರಿ.

ಬಿಸಿ ಮಾಡಿ ಕರಗಿಸಿದ ತುಪ್ಪದಲ್ಲಿ ಬತ್ತಿಯನ್ನು ಪೂಜೆಗೆ ಕೂರುವ ಮೊದಲೇ ಅದ್ದಿಡಿ. ಪೂಜೆ ಮುಗಿಯುವಷ್ಟರಲ್ಲಿ ಅದು ಬುಡದಿಂದ ತುದಿವರೆಗೆ ಹೀರಿಕೊಂಡಿರುತ್ತದೆ. ಹಾಗೆ ನೆಂದ ಬತ್ತಿಗೆ ಮೇಲೆ ಅರ್ಧ ಚಮಚ ತುಪ್ಪ ಇದ್ದರೆ ಎಷ್ಟು ಉದ್ದದ ಹಾಡಿಗೂ ಸಾಕು. ನಾವು ಮಾಡುವ ತಪ್ಪು ಏನೆಂದರೆ, ಒಣ ಬತ್ತಿ ಇಟ್ಟು ಮೇಲೆ ಬಟ್ಟಲು ತುಂಬ ತುಪ್ಪ ಸುರಿಯುವುದು. ಆಗ ತುದಿಯಲ್ಲಿ ತುಪ್ಪ ಇಲ್ಲದೆ ಹತ್ತಿ ಸುಟ್ಟು ಕರಕಲಾಗುತ್ತದೆ, ಕೆಳಗೆ ತುಪ್ಪ ತುಳುಕುತ್ತದೆ. ಚಳಿಗಾಲದಲ್ಲಿ ಇನ್ನೊಂದು ತೊಂದರೆ. ತುಪ್ಪ ಬಟ್ಟಲಲ್ಲಿ ಹೆಪ್ಪುಗಟ್ಟಿದರೆ ಬತ್ತಿಗೆ ಏರುವುದಿಲ್ಲ. ತುದಿಯಲ್ಲಿದ್ದಷ್ಟು ಉರಿದು ದೀಪ ಸಣ್ಣಗಾಗುತ್ತದೆ. ಹಲಗಾರತಿಯನ್ನೇ ಒಂದು ನಿಮಿಷ ಉಗುರು ಬೆಚ್ಚಗೆ ಮಾಡಿಟ್ಟುಕೊಂಡರೆ ಆಯಿತು. ಮನೆಯಲ್ಲಿ ಕಾಯಿಸಿದ ತುಪ್ಪ ಚಿಟಿಚಿಟಿ ಅಂದರೆ ಅದರಲ್ಲಿ ಇನ್ನೂ ನೀರಿನಂಶ ಇದೆ, ಬೆಣ್ಣೆ ಪೂರ್ತಿ ಕಾಯಲಿಲ್ಲ ಅಂತ ಅರ್ಥ.

ಬೇಗ ಹತ್ತಿಕೊಳ್ಳಲಿ ಅಂತ ತುದಿಗೆ ಚಿಟಿಕೆ ಕರ್ಪೂರದ ಪುಡಿ ಸವರುವುದು ಹಳೇ ಉಪಾಯ. ಐದು ಬತ್ತಿಯ ಪಂಚಾರತಿಗೆ ಇದು ಬೇಕೇ ಬೇಕು. ಇಲ್ಲದಿದ್ದರೆ ಐದನೆಯದು ಹತ್ತುವಷ್ಟರಲ್ಲಿ ಬೆಂಕಿಕಡ್ಡಿ ಬೆರಳು ಮುಟ್ಟಿರುತ್ತದೆ.

ಕರ್ಪೂರ

ಕೆಲವು ಮನೆಯಲ್ಲಿ ತುಪ್ಪದಾರತಿ ಮಾತ್ರ, ಕೆಲವರದ್ದು ಕರ್ಪೂರದಾರತಿ ಮಾತ್ರ. ನಮ್ಮಲ್ಲಿ ಹಾಡಿಗೆ ತುಪ್ಪದ್ದು, ಕೊನೆಗೆ ಮಂತ್ರ ಹೇಳುವಾಗ ಕರ್ಪೂರದ್ದು. ಈ ಜೋಡಿ ನನಗೆ ಇಷ್ಟ, ಯಾಕೆಂದರೆ ಎರಡರ ಸ್ವಭಾವವೇ ಬೇರೆ. ತುಪ್ಪದ ದೀಪ ತಾಳ್ಮೆಯದು, ಕರ್ಪೂರದ್ದು ಅವಸರ. ಒಂದು ಬಿಲ್ಲೆ ಭಗ್ಗೆಂದು ಹತ್ತಿ ನೋಡನೋಡುತ್ತಿದ್ದಂತೆ ಮುಗಿದುಹೋಗುತ್ತದೆ. ಉದ್ದ ಹಾಡಿಗೆ ಕರ್ಪೂರ ಒಂದನ್ನೇ ನಂಬಿದರೆ ನಡುವೆ ಬಿಲ್ಲೆ ಹಾಕುತ್ತಾ ಇರಬೇಕು. ಉರಿಯುವ ಬೆಂಕಿಗೆ ಕೈಯಿಂದ ಕರ್ಪೂರ ಹಾಕುವುದೇ ಬೆರಳು ಸುಟ್ಟುಕೊಳ್ಳುವ ಸುಲಭದ ದಾರಿ. ಡಬ್ಬಿಯಿಂದ ನೇರವಾಗಿ ಸುರಿಯುವುದಂತೂ ಬೇಡವೇ ಬೇಡ, ಉರಿ ಡಬ್ಬಿಗೇ ಹತ್ತುತ್ತದೆ.

"ಕರ್ಪೂರ ಏನೂ ಉಳಿಸದೆ ಉರಿಯುತ್ತದೆ, ಹಾಗೇ ನಮ್ಮ ಅಹಂಕಾರವೂ ಉರಿಯಬೇಕು" ಅನ್ನುವ ಅರ್ಥ ಎಲ್ಲರೂ ಹೇಳುತ್ತಾರೆ. ತಟ್ಟೆಯಲ್ಲಿ ಬೂದಿ ಉಳಿಯುವುದಿಲ್ಲ, ಅದು ನಿಜ. ಆದರೆ ನಮ್ಮ ದೇವರಮನೆ ತಾರಸಿ ನೋಡಿದವರು ಆ ಮಾತನ್ನು ಅಷ್ಟು ಸಲೀಸಾಗಿ ಹೇಳಲಾರರು! ಕರ್ಪೂರ ಮಸಿ ಬಿಡುತ್ತದೆ, ಅದೂ ಜಾಸ್ತಿ. ಎರಡು ಬಿಲ್ಲೆಗಿಂತ ಹೆಚ್ಚು ಬೇಕಿಲ್ಲ. ಕೆಳಗೆ ಒಂದು ವೀಳ್ಯದೆಲೆ ಹಾಸಿದರೆ ಹಿತ್ತಾಳೆಗೆ ಮಸಿ ಅಂಟುವುದು ಕಮ್ಮಿ.

ಎರಡು ಎಚ್ಚರಿಕೆ ಹೇಳಲೇಬೇಕು. ತೀರ್ಥಕ್ಕೆ, ಲಾಡುಗೆ ಹಾಕುವುದು ಪಚ್ಚಕರ್ಪೂರ. ಆರತಿಯ ಬಿಳಿ ಬಿಲ್ಲೆ ತಿನ್ನುವ ವಸ್ತುವಲ್ಲ. ಸಣ್ಣ ಮಕ್ಕಳು ಕಲ್ಲುಸಕ್ಕರೆ ಅಂದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಒಂದೆರಡು ಬಿಲ್ಲೆ ನುಂಗಿದರೂ ಮಗುವಿಗೆ ಫಿಟ್ಸ್ ಬರಬಹುದು. ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಹಾಗಾಗಿ ಡಬ್ಬಿ ಯಾವಾಗಲೂ ಮೇಲಿನ ಗೂಡಿನಲ್ಲಿರಲಿ, ಮುಚ್ಚಳ ಬಿಗಿಯಾಗಿರಲಿ. ಮುಚ್ಚಳ ಸಡಿಲ ಇದ್ದರೆ ಕರ್ಪೂರ ಕರಗದೆಯೇ ನೇರ ಗಾಳಿಯಲ್ಲಿ ಸೇರಿ ಹೋಗುತ್ತದೆ. ಹಬ್ಬದ ದಿನ ತೆರೆದರೆ ಡಬ್ಬಿ ಖಾಲಿ. ನಮ್ಮ ಮನೆಯಲ್ಲಿ ಅದಕ್ಕೆ ಕೆಲಸದವರ ಮೇಲೆ ಅನುಮಾನಪಟ್ಟ ಕಾಲವೂ ಇತ್ತು, ಪಾಪ.

ಹೊರದೇಶದ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಒಂದು ಮಾತು. ಹೊಗೆಯ ಅಲಾರಂ ಹೊಡೆದುಕೊಳ್ಳುವುದು ಹೆಚ್ಚಾಗಿ ಕರ್ಪೂರಕ್ಕೆ. ಅಲಾರಮ್ಮಿಗೆ ಬಟ್ಟೆ ಕಟ್ಟುವ ಬದಲು ಒಂದೇ ಬತ್ತಿಯ ತುಪ್ಪದಾರತಿ ಮಾಡಿ. ಶಾಸ್ತ್ರಕ್ಕೂ ಏನೂ ಕಮ್ಮಿಯಿಲ್ಲ.

ಕೈ ಹೇಗೆ ಹೋಗಬೇಕು

ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಹಲಗಾರತಿ. ಗಂಟೆ ಬಾರಿಸುವ ಮೊದಲು ಹೇಳುವ ಶ್ಲೋಕ "ಆಗಮಾರ್ಥಂ ತು ದೇವಾನಾಂ" ಅಂತ ಶುರುವಾಗುತ್ತದೆ, ದೇವತೆಗಳು ಬರಲಿ, ರಾಕ್ಷಸರು ಹೋಗಲಿ ಅಂತ. ಮೊದಲ ಸಲ ಮಾಡುವವರು ಎರಡು ಕೈಯನ್ನೂ ಒಟ್ಟಿಗೆ ಆಡಿಸಲು ಹೋಗಿ ಗಂಟೆಯ ಲಯಕ್ಕೇ ಆರತಿಯನ್ನೂ ಕುಲುಕುತ್ತಾರೆ. ಇದು ತಲೆ ತಟ್ಟಿಕೊಂಡು ಹೊಟ್ಟೆ ಸವರಿಕೊಂಡ ಹಾಗೆ, ಅಭ್ಯಾಸ ಬೇಕು. ಬರದಿದ್ದರೆ ಗಂಟೆಯನ್ನು ಪಕ್ಕದವರಿಗೆ ಕೊಡಿ. ಜಾಗಟೆ ಇದ್ದರೆ ಮಕ್ಕಳಿಗೆ ಕೊಡಿ, ಅವರಿಗೂ ಕೆಲಸ ಆಗುತ್ತದೆ. (ದೇವಸ್ಥಾನಗಳಲ್ಲಿ ಈಗ ಸ್ವಿಚ್ ಹಾಕಿದರೆ ಗಂಟೆ, ನಗಾರಿ ಎರಡನ್ನೂ ಬಡಿಯುವ ಮೋಟಾರು ಬಂದಿದೆ. ಅದರ ಎದುರು ಯಾರ ಹಾಡೂ ಕೇಳುವುದಿಲ್ಲ. ನನಗಂತೂ ಅದು ಹಿಡಿಸಿಲ್ಲ.)

ಸುತ್ತುವ ದಿಕ್ಕು ಪ್ರದಕ್ಷಿಣೆಯದು. ಎದುರಿನ ಗೋಡೆಯಲ್ಲಿ ಗಡಿಯಾರ ಇದೆ ಅಂದುಕೊಳ್ಳಿ. ಮುಳ್ಳು ಹೋದ ಹಾಗೆ ನಿಮ್ಮ ಎಡಗಡೆಯಿಂದ ಮೇಲಕ್ಕೆ, ಬಲಗಡೆಗೆ, ಕೆಳಕ್ಕೆ.

ಎಷ್ಟು ಸುತ್ತು? ಇದಕ್ಕೆ ಬಹಳ ಕಡೆ ಹೇಳುವ ಒಂದು ಶ್ಲೋಕ ಇದೆ:

ಆದೌ ಚತುಃ ಪಾದತಲೇ ಚ ವಿಷ್ಣೋಃ
ದ್ವೌ ನಾಭಿದೇಶೇ ಮುಖಬಿಂಬ ಏಕಮ್ ।
ಸರ್ವೇಷು ಚಾಂಗೇಷು ಚ ಸಪ್ತವಾರಾನ್
ಆರಾತ್ರಿಕಂ ಭಕ್ತಜನಸ್ತು ಕುರ್ಯಾತ್ ॥

ಮೊದಲು ಪಾದಕ್ಕೆ 4, ಹೊಕ್ಕುಳಿಗೆ 2, ಮುಖಕ್ಕೆ 1, ಆಮೇಲೆ ಇಡೀ ಮೂರ್ತಿಗೆ 7. ಒಟ್ಟು 14. ಶ್ಲೋಕದಲ್ಲಿ ವಿಷ್ಣುವಿನ ಹೆಸರಿದ್ದರೂ ಲೆಕ್ಕವನ್ನು ಎಲ್ಲ ದೇವರಿಗೂ ಬಳಸುತ್ತಾರೆ. ಮುಖಕ್ಕೆ ಮೂರು ಸುತ್ತುವವರೂ ಇದ್ದಾರೆ, ಓಂಕಾರ ಬರೆದ ಹಾಗೆ ಕೈ ಆಡಿಸುವವರೂ ಇದ್ದಾರೆ. ಈ ಶ್ಲೋಕದಲ್ಲಿರುವ ಆರಾತ್ರಿಕ ಅನ್ನುವ ಪದವೇ ಸವೆದು ನಮ್ಮ ಆರತಿ ಆಗಿರುವುದು.

ನಮ್ಮ ಒಂದಡಿ ಗಣಪತಿಗೆ ಇದನ್ನು ಹೊಂದಿಸಿ ನೋಡೋಣ. ಪಾದಕ್ಕೆ ಸುತ್ತುವಾಗ ವೃತ್ತ ಸಣ್ಣದಿರಲಿ, ತೆಂಗಿನಕಾಯಿಯಷ್ಟು. ಉರಿ ಮಡಚಿದ ಕಾಲು, ಇಲಿ, ಮುಂದಿರುವ ಗರಿಕೆ, ಇಷ್ಟನ್ನೇ ಬೆಳಗಬೇಕು. ನಾಲ್ಕು ಸುತ್ತಾದ ಮೇಲೆ ಕೈ ನಿಲ್ಲಿಸದೆ ಮೇಲಕ್ಕೆ ತನ್ನಿ. ಹೊಟ್ಟೆಯ ಮೇಲೆ ಬಿಗಿದ ಹಾವು ಕಾಣುತ್ತದಲ್ಲ, ಅಲ್ಲಿ ಎರಡು. ಆಮೇಲೆ ಮುಖ. ಇಲ್ಲಿ ಒಂದೇ ಸುತ್ತು, ಆದರೆ ಎಲ್ಲಕ್ಕಿಂತ ನಿಧಾನದ್ದು. ಸುತ್ತಿ ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಉರಿಯನ್ನು ಹಣೆಯ ಎದುರು ಹಿಡಿದು ನಿಲ್ಲಿ. ಹಿಂದೆ ನಿಂತ ಎಲ್ಲರೂ ಆಗಲೇ ನೋಡುವುದು. ಕೊನೆಗೆ ಕಿರೀಟದಿಂದ ಪೀಠದವರೆಗೆ ದೊಡ್ಡ ವೃತ್ತದಲ್ಲಿ ಏಳು.

ಒಂದು ಸುತ್ತಿಗೆ ಸುಮಾರು ನಾಲ್ಕು ಸೆಕೆಂಡ್ ಇಟ್ಟುಕೊಂಡರೆ 14 ಸುತ್ತಿಗೆ ಒಂದು ನಿಮಿಷಕ್ಕೆ ಸ್ವಲ್ಪ ಕಮ್ಮಿ. ನಾನು ಆವತ್ತು ಸೆಕೆಂಡಿಗೆ ಒಂದು ಸುತ್ತಿದ್ದೆ. ಅಷ್ಟು ವೇಗದಲ್ಲಿ ಉರಿ ಹಿಂದಕ್ಕೆ ಬಾಗಿ ನೀಲಿಯಾಗುತ್ತದೆ, ಬೆಳಕೇ ಬೀಳುವುದಿಲ್ಲ. ಇದೇ ಪರೀಕ್ಷೆ: ಉರಿ ನೆಟ್ಟಗೆ ನಿಂತಿದ್ದರೆ ಕೈ ಸರಿ ಇದೆ, ಬಾಲದ ಹಾಗೆ ಎಳೆಯುತ್ತಿದ್ದರೆ ಜೋರಾಯಿತು.

ತಟ್ಟೆ ಯಾವಾಗಲೂ ನೆಲಕ್ಕೆ ಸಮವಾಗಿರಲಿ. ಮೇಲಕ್ಕೆ ಹೋಗುವಾಗ ಮಣಿಕಟ್ಟು ಬಾಗಿಸಿದರೆ ಹಿಡಿಯ ಕಡೆಗೆ ತುಪ್ಪ ಹರಿಯುತ್ತದೆ. ಬತ್ತಿಯ ಉರಿ ಅದರ ಹಿಂದೆಯೇ ಬರುತ್ತದೆ. ನನಗೆ ಒಮ್ಮೆ ಹಾಗಾಗಿ ಕೈ ಕೊಡವಿ, ಒಂದು ಹನಿ ಬೆಂಕಿ ಮಂಟಪಕ್ಕೆ ಅಂಟಿಸಿದ್ದ ಬಣ್ಣದ ಕಾಗದದ ಮೇಲೆ ಬಿತ್ತು. ನಮ್ಮ ಭಾವ ಪಂಚಪಾತ್ರೆಯ ನೀರನ್ನೇ ಎರಚಿದರು, ಕಾಗದದ ಜೊತೆ ಗಣಪತಿಯ ಕಿವಿಯೂ ಒದ್ದೆ. ದೇವರಿಗೆ ಆದ ಮೇಲೆ ನನಗೂ ಒಂದು ಮಂಗಳಾರತಿ ಆಯಿತು ಅನ್ನಿ. ಆಮೇಲಿಂದ ನಮ್ಮಲ್ಲಿ ಥರ್ಮಾಕೋಲ್ ಮಂಟಪ, ಕಾಗದದ ಹೂವು ಬಂದ್. ಅಲಂಕಾರಕ್ಕೂ ಉರಿಗೂ ಕಡಿಮೆಯೆಂದರೆ ಒಂದು ಗೇಣು ಅಂತರ ಇಡಿ. ಜರಿ ಸೀರೆ ಉಡಿಸಿದ ವರಮಹಾಲಕ್ಷ್ಮಿಗೆ ಒಂದೂವರೆ ಗೇಣು. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಕರ್ಪೂರ ಉರಿದಾಗ ಹಿತ್ತಾಳೆ ಹಿಡಿ ಕಾಯುತ್ತದೆ, ಅದಕ್ಕೆ ಹಿಡಿಗೆ ಒಂದು ಹತ್ತಿ ಬಟ್ಟೆ ಸುತ್ತಿಕೊಂಡರೆ ಒಳ್ಳೆಯದು. ನೈಲಾನ್ ಬೇಡ.

ಹಾಡು

ಕನ್ನಡದ ಆರತಿ ಹಾಡುಗಳನ್ನು ಗಮನಿಸಿದ್ದೀರಾ? ಬೆಳಗಿರೆ, ಎತ್ತಿರೆ, ತನ್ನಿರೆ, ಬನ್ನಿರೆ. ಈ "ರೆ" ದೇವರಿಗೆ ಹೇಳಿದ್ದಲ್ಲ. ಪಕ್ಕದಲ್ಲಿರುವ ಹೆಂಗಸರನ್ನು ಕರೆದದ್ದು, "ಬನ್ರೇ, ಆರತಿ ಎತ್ರೇ" ಅಂತ. ಒಬ್ಬಳು ಹಾಡಿ ಉಳಿದವರು ದನಿ ಸೇರಿಸಲಿ ಅಂತಲೇ ಕಟ್ಟಿದ ಹಾಡುಗಳು ಇವು. ಪಲ್ಲವಿಯಲ್ಲಿ ಕರೆ, ಚರಣಗಳಲ್ಲಿ ದೇವರ ವರ್ಣನೆ: ಯಾರ ಮಗ, ಯಾರ ಗಂಡ, ಯಾವ ಆಭರಣ, ಯಾರನ್ನು ಕೊಂದ, ಯಾರನ್ನು ಕಾಪಾಡಿದ. ದಾಸರ ಹಾಡಾದರೆ ಕೊನೆಯ ಚರಣದಲ್ಲಿ ಅಂಕಿತ ಬರುತ್ತದೆ, ಪುರಂದರವಿಠಲನೋ ವಿಜಯವಿಠಲನೋ. ಆರತಿ ಹಿಡಿದವರಿಗೆ ಈ ಅಂಕಿತವೇ ಸೂಚನೆ. ಅದು ಕಿವಿಗೆ ಬಿದ್ದರೆ ಹಾಡು ಮುಗಿಯುತ್ತಿದೆ, ಕರ್ಪೂರ ಹಚ್ಚಿಕೊಳ್ಳಿ ಅಂತ.

ಈಗ ಲೆಕ್ಕ ಬರುತ್ತದೆ. ಪಲ್ಲವಿ, ಮೂರು ಚರಣ ಇರುವ ಹಾಡು ಮನೆಯ ಲಯದಲ್ಲಿ ಮೂರು ನಾಲ್ಕು ನಿಮಿಷ ಆಗುತ್ತದೆ. ಸುತ್ತು ಒಂದೇ ನಿಮಿಷ. ಉಳಿದ ಹೊತ್ತು ಏನು ಮಾಡಬೇಕು? ನಮ್ಮತ್ತೆಯ ಕ್ರಮ ಹೀಗೆ. ಮೊದಲ ಪಲ್ಲವಿ ಹಾಡುವಾಗ ಆರತಿಯನ್ನು ಎದೆಯ ಮಟ್ಟದಲ್ಲಿ ಹಿಡಿದು ಸುಮ್ಮನೆ ನಿಲ್ಲುವುದು, ಉರಿ ನೆಲೆಯಾಗಲಿ ಅಂತ. ಮೊದಲ ಚರಣಕ್ಕೆ ಪಾದ. ಎರಡನೆಯದಕ್ಕೆ ನಾಭಿ, ಆಮೇಲೆ ಮುಖ. ಮೂರನೆಯದಕ್ಕೆ ಪೂರ್ತಿ ಮೂರ್ತಿ. ಚರಣದ ನಡುವೆ ಪಲ್ಲವಿ ಮತ್ತೆ ಬಂದಾಗ ಕೈಗೆ ವಿಶ್ರಾಂತಿ, ದೀಪ ಎದುರಿಗೆ ಸ್ಥಿರ. ಈ ಕ್ರಮದಲ್ಲಿ ಸುತ್ತು ಮುಗಿದು ಹಾಡು ಉಳಿಯುವುದೂ ಇಲ್ಲ, ಕೈ ನೋಯುವುದೂ ಇಲ್ಲ.

ಅತ್ತೆ ಹಾಡುವುದು ಮರಾಠಿಯ "ಸುಖಕರ್ತಾ ದುಃಖಹರ್ತಾ". 17ನೇ ಶತಮಾನದ ಸಮರ್ಥ ರಾಮದಾಸರದ್ದು. ಬೆಳಗಾವಿ, ಧಾರವಾಡದ ಎಷ್ಟೋ ಮನೆಗಳಲ್ಲಿ ಮರಾಠಿ ಬಾರದವರೂ ಚೌತಿಗೆ ಇದನ್ನು ಬಾಯಿಪಾಠ ಹಾಡುತ್ತಾರೆ. "ಜಯದೇವ ಜಯದೇವ" ಬರುವಾಗ ಚಪ್ಪಾಳೆ ಬೀಳಲೇಬೇಕು. ಅದರ ನಡೆ ಸ್ವಲ್ಪ ಚುರುಕು. ನಮ್ಮ ತವರು ಮೈಸೂರು ಕಡೆ, ಅಲ್ಲಿನ ಮಂಗಳದ ಹಾಡುಗಳು ಎಳೆದು ಹಾಡುವಂಥವು, "ಜಯ ಮಂಗಳಂ, ನಿತ್ಯ ಶುಭ ಮಂಗಳಂ" ಅಂತ ಮುಗಿಯುತ್ತವೆ. ಹೊರರಾಜ್ಯದ ಅಪಾರ್ಟ್‌ಮೆಂಟ್ ಗಣಪತಿಗೆ ಹೋದರೆ ಎಲ್ಲರಿಗೂ ಬರುವುದು ಒಂದೇ, ಹಿಂದಿಯ "ಓಂ ಜಯ ಜಗದೀಶ ಹರೇ". ಅದು ಪಂಜಾಬಿನ ಶ್ರದ್ಧಾರಾಮ ಫಿಲ್ಲೌರಿ ಅನ್ನುವವರು 19ನೇ ಶತಮಾನದಲ್ಲಿ ಬರೆದದ್ದು. ಎಲ್ಲರ ಬಾಯಲ್ಲೂ ಇರುವುದರಿಂದ ಅದು ಅಷ್ಟೇನೂ ಪ್ರಾಚೀನ ಅಲ್ಲ ಅಂದರೆ ಜನ ನಂಬುವುದಿಲ್ಲ.

"ಭಾಗ್ಯದ ಲಕ್ಷ್ಮೀ ಬಾರಮ್ಮ" ಮಂಗಳಾರತಿಗೆ ಹಾಡಬಹುದಾ? ಮಾತು ನೋಡಿದರೆ ಅದು ಕರೆಯುವ ಹಾಡು, ಆವಾಹನೆಯ ಹೊತ್ತಿನದ್ದು. ನೈವೇದ್ಯ, ತಾಂಬೂಲ ಎಲ್ಲ ಮುಗಿದ ಮೇಲೆ "ಬಾರಮ್ಮ" ಅಂದರೆ ಇಷ್ಟು ಹೊತ್ತು ಯಾರಿಗೆ ಪೂಜೆ ಮಾಡಿದಿರಿ ಅಂತ ಕೇಳಬೇಕಾಗುತ್ತದೆ. ಆದರೆ ಅದನ್ನು ಹೆಚ್ಚಾಗಿ ಹಾಡುವುದು ಮಧ್ಯಮಾವತಿಯಲ್ಲಿ. ಕರ್ನಾಟಕ ಸಂಗೀತ ಕಛೇರಿಯನ್ನು ಆ ರಾಗದಿಂದ ಮುಗಿಸುವ ವಾಡಿಕೆ ಇದೆ. ಮಾತು ಶುರುವಿಗೆ, ರಾಗ ಕೊನೆಗೆ! ನಾನು ಅದನ್ನು ಪೂಜೆಯ ಶುರುವಿಗೇ ಹಾಡುತ್ತೇನೆ. ನಮ್ಮಮ್ಮ ಒಪ್ಪುವುದಿಲ್ಲ, ಅವರಿಗೆ ಆರತಿಗೆ ಅದೇ ಬೇಕು. ಹಬ್ಬದ ದಿನ ಅಮ್ಮನೇ ಗೆಲ್ಲುತ್ತಾರೆ.

ಫೋನಿನಲ್ಲಿ ಹಾಡು ಹಾಕಿ ಆರತಿ ಎತ್ತುವವರು ಒಂದು ಮಾಡಿ. ಹಾಡಿನ ಉದ್ದ ಮೊದಲೇ ನೋಡಿಟ್ಟುಕೊಳ್ಳಿ. ಕ್ಯಾಸೆಟ್ ಕಾಲದ ಹಾಡುಗಳಲ್ಲಿ ಚರಣದ ನಡುವೆ ಕೊಳಲು, ವೀಣೆ ಬಂದು ಏಳೆಂಟು ನಿಮಿಷ ಆಗುತ್ತದೆ. ಅಷ್ಟು ಹೊತ್ತು ಹಿತ್ತಾಳೆ ಹಲಗಾರತಿ ಹಿಡಿದು ನಿಲ್ಲುವುದು ವಯಸ್ಸಾದವರಿಗೆ ಆಗುವುದಿಲ್ಲ.

ಕೊನೆಯ ಮಂತ್ರ

ಹಾಡು ಮುಗಿದ ಮೇಲೆ ಕರ್ಪೂರ ಹಚ್ಚಿ, ಹೇಳುವವರಿದ್ದರೆ ಒಂದು ಮಂತ್ರ ಹೇಳುತ್ತಾರೆ: "ನ ತತ್ರ ಸೂರ್ಯೋ ಭಾತಿ ನ ಚಂದ್ರತಾರಕಂ". ಕಠೋಪನಿಷತ್ತಿನದ್ದು. ಅಲ್ಲಿ ಸೂರ್ಯ ಬೆಳಗುವುದಿಲ್ಲ, ಚಂದ್ರ ನಕ್ಷತ್ರಗಳು ಬೆಳಗುವುದಿಲ್ಲ, ಈ ಮಿಂಚೂ ಇಲ್ಲ, ಇನ್ನು ಈ ಬೆಂಕಿ ಎಲ್ಲಿಯದು? ಅವನು ಬೆಳಗುವುದರಿಂದಲೇ ಉಳಿದದ್ದೆಲ್ಲ ಬೆಳಗುತ್ತದೆ.

ಇದನ್ನು ಯಾವಾಗ ಹೇಳುತ್ತೇವೆ ನೋಡಿ. ಇಷ್ಟು ಹೊತ್ತು ಪಾದ ನೋಡಿ, ಹೊಟ್ಟೆ ನೋಡಿ, ಮುಖ ನೋಡಿ ಅಂತ ದೀಪ ಹಿಡಿದು ತೋರಿಸಿದೆವು. ಉರಿ ಜೋರಾಗಿರುವ ಹೊತ್ತಿನಲ್ಲೇ, ಅದೇ ಉರಿಯನ್ನು ಕೈಯಲ್ಲಿ ಹಿಡಿದುಕೊಂಡು, "ನಿನ್ನನ್ನು ತೋರಿಸಲು ಈ ಬೆಂಕಿಗೆ ಎಲ್ಲಿಯ ಶಕ್ತಿ, ಇದು ಉರಿಯುತ್ತಿರುವುದೇ ನಿನ್ನ ಬೆಳಕಿನಿಂದ" ಅಂತ ಹೇಳುತ್ತೇವೆ. ಆರತಿಯ ಅರ್ಥ ಅಂತ ಎಷ್ಟೋ ಕಡೆ ಪಂಚಭೂತ, ಐದು ಇಂದ್ರಿಯ ಅಂತೆಲ್ಲ ವಿವರಣೆ ಓದಿದ್ದೇನೆ. ನನಗೆ ಈ ಒಂದು ಮಂತ್ರದ ಜಾಗವೇ ಸಾಕು ಅನಿಸುತ್ತದೆ. ಇದನ್ನು ಹೇಳುವಾಗ ಆರತಿ ಸುತ್ತುವ ಅಗತ್ಯ ಇಲ್ಲ. ನಾವು ಮುಖದ ಎದುರು ಹಿಡಿದು ನಿಲ್ಲುತ್ತೇವೆ, ಅಷ್ಟೇ.

ನೀರಾಜನ ಅನ್ನುವ ಪದಕ್ಕೆ ಇನ್ನೊಂದು ಹಳೆಯ ಮುಖವೂ ಇದೆ. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೀರಾಜನ ವಿಧಿ ಅಂತ ಒಂದು ಅಧ್ಯಾಯವೇ ಇದೆ. ಅಲ್ಲಿ ಆರತಿ ದೇವರಿಗಲ್ಲ, ರಾಜನ ಕುದುರೆ ಆನೆಗಳಿಗೆ ಮಾಡುವ ಶಾಂತಿ. ದಂಡು ಹೊರಡುವ ಮೊದಲು ಅವಕ್ಕೆ ಕೇಡು ತಗುಲದಿರಲಿ ಅಂತ. ದೃಷ್ಟಿ ತೆಗೆಯುವ ನಮ್ಮ ಕೆಂಪಾರತಿಗೆ ಇದು ಹತ್ತಿರದ ನೆಂಟ ಇದ್ದ ಹಾಗಿದೆ ಅಲ್ವಾ?

ಆ ಕೆಂಪಾರತಿ ಮದುಮಕ್ಕಳಿಗೆ, ಬಾಣಂತಿ ಮಗುವಿಗೆ, ಊರಿಂದ ಬಂದವರಿಗೆ. ಹಬ್ಬದಲ್ಲಿ ಗೌರಿಗೂ ಎತ್ತುತ್ತಾರೆ. ಇಬ್ಬರು ಮುತ್ತೈದೆಯರು ಎದುರುಬದುರು ತಟ್ಟೆ ಹಿಡಿದು ಮೂರು ಸಲ ಸುತ್ತುತ್ತಾರೆ. ನೀರಿಗೆ ಅರ್ಧ ಚಮಚ ಅರಿಸಿನ, ಕಡಲೆಬೇಳೆಯಷ್ಟು ಎಲೆಗೆ ಹಚ್ಚುವ ಸುಣ್ಣ. ಸುಣ್ಣ ತಾಗಿದ ಕೂಡಲೇ ಅರಿಸಿನ ಕೆಂಪಾಗುತ್ತದೆ. ಬಣ್ಣ ಕಿತ್ತಳೆಯಲ್ಲೇ ನಿಂತರೆ ಸುಣ್ಣ ಕಮ್ಮಿ, ಕಾಫಿ ಬಣ್ಣಕ್ಕೆ ತಿರುಗಿದರೆ ಜಾಸ್ತಿ. ರೇಷ್ಮೆ ಮೇಲೆ ಬಿದ್ದರೆ ಕಲೆ ಹೋಗುವುದು ಕಷ್ಟ. ಸುತ್ತಿದ ನೀರನ್ನು ಹೊಸಿಲಿನ ಹೊರಗೆ ರಂಗೋಲಿಯ ಪಕ್ಕ ಚೆಲ್ಲುತ್ತಾರೆ, ಯಾರೂ ತುಳಿಯದ ಕಡೆ.

ಆರತಿ ತಗೊಳ್ಳುವುದು

ಸುತ್ತು ಮುಗಿದ ತಕ್ಷಣ ಜನರ ಕಡೆ ತಿರುಗಬೇಡಿ. ಹಲಗಾರತಿ ಕೆಳಗಿಟ್ಟು ಉದ್ಧರಣೆಯಿಂದ ಸುತ್ತ ಒಂದು ಸಲ ನೀರು ಬಿಡಿ, ಒಂದು ಹೂವು ಹಾಕಿ. ಆಮೇಲೆ ಕೈಯಿಂದ ಆ ಬೆಳಕನ್ನು ದೇವರ ಕಡೆಗೆ ಸವರಿ. ಅದಾದ ಮೇಲೆ ನೀವು, ಆಮೇಲೆ ಹಿರಿಯರಿಂದ ಶುರುಮಾಡಿ ಎಲ್ಲರೂ. ನಮ್ಮಲ್ಲಿ ತುಳಸಿಗೂ ಹೊಸಿಲಿಗೂ ತೋರಿಸಿ ಬರುವ ರೂಢಿ ಇದೆ.

ತಗೊಳ್ಳುವವರು ಎರಡೂ ಅಂಗೈಯನ್ನು ಉರಿಯ ಮೇಲೆ ಒಂದು ಕ್ಷಣ ಆಡಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಬಿಸಿ ತಾಗಿದರೆ ಸಾಕು, ಉರಿ ಮುಟ್ಟಬೇಕಿಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡು ಒಣಗದ ಕೈಯನ್ನು ಮಾತ್ರ ಹತ್ತಿರ ತರಲೇಬೇಡಿ. ಅದು ಸ್ಪಿರಿಟ್, ಹತ್ತಿಕೊಳ್ಳುತ್ತದೆ. ಸಣ್ಣ ಮಗುವಿಗೆ ನೀವೇ ತಗೊಂಡು ಅದರ ಕಣ್ಣಿಗೆ ಸವರಿ. ಹತ್ತು ಜನಕ್ಕೆ ಹೋಗುವಷ್ಟರಲ್ಲಿ ಕರ್ಪೂರ ಆರಿಹೋಗುತ್ತದೆ, ಕೊನೆಯವರಿಗೆ ಬಿಸಿ ತಟ್ಟೆ ಮಾತ್ರ. ತುಪ್ಪದ ಬತ್ತಿ ಪಕ್ಕದಲ್ಲಿ ಉರಿಯುತ್ತಿರಲಿ ಅನ್ನುವುದು ಅದಕ್ಕೇ. ಯಾವುದಕ್ಕೂ ತಪ್ಪು ಹುಡುಕುವವರನ್ನು ಕಂಡರೆ ನಮ್ಮ ಕಡೆ "ಆರತಿ ತಗೊಂಡ್ರೆ ಉಷ್ಣ, ತೀರ್ಥ ತಗೊಂಡ್ರೆ ಶೀತ" ಅನ್ನುತ್ತಾರಲ್ಲ, ಅಂಥವರೊಬ್ಬರು ಪ್ರತಿ ಹಬ್ಬಕ್ಕೂ ಬರುತ್ತಾರೆ. ಅವರಿಗೆ ಮೊದಲೇ ಕೊಟ್ಟುಬಿಡಿ.

ಬತ್ತಿಯನ್ನು ಬಾಯಿಂದ ಊದಿ ಆರಿಸುವುದಿಲ್ಲ. ತಾನಾಗೇ ಆರಲು ಬಿಡಿ. ಹೊರಗೆ ಹೋಗಲೇಬೇಕಾಗಿದ್ದರೆ ಒಂದು ಹೂವಿನಿಂದ ತುದಿಯನ್ನು ತುಪ್ಪಕ್ಕೆ ಅದ್ದಿ ಶಾಂತ ಮಾಡಿ. ಉರಿಯುವ ದೀಪ ಬಿಟ್ಟು ಮನೆಗೆ ಬೀಗ ಹಾಕಬೇಡಿ.

ಹಲಗಾರತಿಯನ್ನು ಆವತ್ತೇ ತೊಳೆಯಿರಿ. ನೇರ ಹುಣಸೆಹಣ್ಣು ಹಚ್ಚಿದರೆ ಮಸಿ ಹೋಗುವುದಿಲ್ಲ, ಯಾಕೆಂದರೆ ಮಸಿಯ ಕೆಳಗೆ ತುಪ್ಪದ ಜಿಡ್ಡು ಇರುತ್ತದೆ. ಮೊದಲು ಹಳೇ ಕಾಗದದಲ್ಲಿ ಒರೆಸಿ, ಬಿಸಿ ನೀರು, ಸೀಗೆಪುಡಿ ಹಾಕಿ ಜಿಡ್ಡು ತೆಗೆಯಿರಿ. ಆಮೇಲೆ ಹುಣಸೆಹಣ್ಣು, ಉಪ್ಪು. ಬತ್ತಿ ಕೂರುವ ಗುಣಿಯೊಳಗೆ ಕರಿ ಉಳಿದರೆ ಹುಣಸೆಹಣ್ಣಿನ ಜುಂಗು ತುರುಕಿ ಹತ್ತು ನಿಮಿಷ ಬಿಡಿ. ಒರೆಸಿ ಪೂರ್ತಿ ಒಣಗಿಸಿ ಎತ್ತಿಡಿ. ಒದ್ದೆ ಇಟ್ಟರೆ ಗುಣಿಯಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಮುಂದಿನ ಸಲ ತುಪ್ಪ ಹಾಕಿದಾಗ ಅದೂ ಸೇರಿ ಉರಿದು ದೀಪದ ಅಂಚು ಹಸಿರಾಗಿ ಕಾಣುತ್ತದೆ.